ಕೈಯಲ್ಲೇ ಬೆಳೆದ ಹೋರಿಗೂ ಮೂಗುಬಳೆ ಬೇಕಾ?

"ಅಣ್ಣಾ, ನಮ್ಮ ಹೋರಿ ಕರುವಾಗಿದ್ದಾಗಿಂದ ನಮ್ಮ ಕೈಯಲ್ಲೇ ಹಾಲು ಕುಡಿದು ಬೆಳೆದದ್ದು. ಮಕ್ಕಳು ಹೋಗಿ ಹಣೆ ತುರಿಸಿದರೂ ಸುಮ್ಮನೆ ನಿಲ್ಲುತ್ತೆ. ಅದಕ್ಕೂ ಮೂಗುಬಳೆ, ಕೋಲು, ಗೇಟು ಅಂತ ಇಷ್ಟೆಲ್ಲ ಯಾಕೆ?"

ಬೇಕು. ಅಂಥ ಹೋರಿಗೇ ಹೆಚ್ಚು ಬೇಕು.

ತಾಯಿಯ ಹಿಂದೆ, ಬೇರೆ ಕರುಗಳ ಜೊತೆ ಬೆಳೆದ ಗಂಡುಕರು ತನ್ನ ಶಕ್ತಿಯನ್ನು ಅವುಗಳ ಮೇಲೆಯೇ ಪರೀಕ್ಷೆ ಮಾಡುತ್ತದೆ. ಮನುಷ್ಯ ಅಂದರೆ ಬೇರೆ, ಸ್ವಲ್ಪ ದೂರ ಇರಬೇಕಾದವನು ಅಂತ ಅದಕ್ಕೆ ಗೊತ್ತಿರುತ್ತದೆ. ಒಂಟಿಯಾಗಿ ಬಕೆಟ್ಟಿನಲ್ಲಿ ಹಾಲು ಕುಡಿದು ಬೆಳೆದ ಕರುವಿಗೆ ಹಾಗಲ್ಲ. ಅದರ ಪಾಲಿಗೆ ನಾವೇ ಮಂದೆ. ಹಣೆ ತುರಿಸಿದಾಗ ಅದು ತಲೆಯೊಡ್ಡಿ ತಳ್ಳುತ್ತದಲ್ಲ, ನಮಗದು ಮುದ್ದು, ಅದಕ್ಕೆ ಅದು ಕಾಳಗದ ಅಭ್ಯಾಸ. ಒಂದೂವರೆ ವರ್ಷ ದಾಟಿ ಎರಡರ ಹತ್ತಿರ ಬರುವಾಗ ಮೈಯಲ್ಲಿ ಗಂಡಸ್ತಿಕೆ ತುಂಬುತ್ತದೆ. ಆಗ ಮಂದೆಯ ಯಜಮಾನಿಕೆಗಾಗಿ ಅದು ಎದುರು ನಿಲ್ಲುವುದು ತನ್ನ ಮಂದೆಯವರಿಗೇ, ಅಂದರೆ ದಿನಾ ಹಿಂಡಿ ಬೂಸಾ ಹಾಕುವ ಮನುಷ್ಯನಿಗೇ. ಹಾಗಾಗಿ ಗಂಡುಕರುವನ್ನು ಬೀಜಕ್ಕೆ ಬಿಡುವ ಯೋಚನೆ ಇದ್ದರೆ ಮೊದಲ ತಿಂಗಳಿಂದಲೇ ಬೇರೆ ಕರುಗಳ ಜೊತೆ ಬೆಳೆಸಿ. ಹಣೆ, ಕೊಂಬಿನ ಬುಡ ತುರಿಸಬೇಡಿ. ಮನೆಯ ಮಕ್ಕಳಿಗೂ ಲೈನ್ ಮನೆಯ ಮಕ್ಕಳಿಗೂ ಗುಮ್ಮಾಟ ಆಡಲು ಬಿಡಲೇಬೇಡಿ.

ಇನ್ನೊಂದು ಮಾತು ಸೋಮವಾರಪೇಟೆ ಕಡೆ ತುಂಬ ಕೇಳುತ್ತೇನೆ: "ಚಿಕ್ಕದಿದ್ದಾಗಲೇ ಕೊಂಬು ಸುಡಿಸಿದ್ದೇವೆ, ಹಾಯುವುದಕ್ಕೇನಿದೆ?" ಬೆಳೆದ ಜೆರ್ಸಿ ಹೋರಿ ಐದಾರು ಕ್ವಿಂಟಾಲ್ ತೂಗುತ್ತದೆ, ಎಚ್‌ಎಫ್ ಅದಕ್ಕಿಂತ ಎಷ್ಟೋ ಹೆಚ್ಚು. ಅದು ತಲೆ ಬಗ್ಗಿಸಿ ಮನುಷ್ಯನನ್ನು ಗೋಡೆಗೋ ನೆಲಕ್ಕೋ ಒತ್ತಿದರೆ ಪಕ್ಕೆಲುಬು ಮುರಿಯಲು ಕೊಂಬು ಬೇಕಿಲ್ಲ. ನಮ್ಮ ಗಿಡ್ಡ ತಳಿಯ ಹೋರಿಯನ್ನು ಕಾಡಿಗೆ ಬಿಟ್ಟು ಸಾಕಿದ ಹಿರಿಯರ ಅಂದಾಜು ಈ ಹಾಲಿನ ತಳಿಗಳಿಗೆ ಹೊಂದುವುದಿಲ್ಲ. ಹೋರಿಗಳಲ್ಲಿ ಹೆಚ್ಚು ಅಪಾಯದವು ಇವೇ.

ಹೋರಿ ಏಕಾಏಕಿ ಹಾಯ್ದುಬಿಟ್ಟಿತು ಎನ್ನುತ್ತಾರೆ. ಸಾಮಾನ್ಯವಾಗಿ ಅದು ಮೊದಲೇ ಹೇಳಿರುತ್ತದೆ, ನಾವು ಓದಿರುವುದಿಲ್ಲ. ನಿಮ್ಮನ್ನು ಕಂಡ ಕೂಡಲೇ ಅದು ಎದುರು ನಿಲ್ಲದೆ ಅಡ್ಡ ತಿರುಗಿ ತನ್ನ ಪೂರ್ತಿ ಪಕ್ಕೆಯನ್ನು ತೋರಿಸುತ್ತದೆ. ಬೆನ್ನು ಬಿಲ್ಲಾಗುತ್ತದೆ, ಕತ್ತು ದಪ್ಪವಾಗುತ್ತದೆ, ತಲೆ ಕೆಳಗಾಗಿ ಕಣ್ಣು ಹೊರಗೆ ಬಂದ ಹಾಗೆ ಕಾಣುತ್ತದೆ, ಬೆನ್ನ ಮೇಲಿನ ಕೂದಲು ನಿಮಿರುತ್ತದೆ. ನಾನು ಎಷ್ಟು ದೊಡ್ಡವನು ನೋಡು ಅನ್ನುವ ಪ್ರದರ್ಶನ ಇದು. ಇಲ್ಲಿ ನೀವು ಹಿಂದೆ ಸರಿಯದಿದ್ದರೆ ಮುಂದಿನದು ಕಾಲಲ್ಲಿ ಮಣ್ಣು ಕೆದಕುವುದು, ಮಣ್ಣಿನ ಬರೆಗೆ ಕತ್ತು ಉಜ್ಜುವುದು, ಗಂಟಲಲ್ಲೇ ಗುಟುರು ಹಾಕುವುದು, ತಲೆ ಒದರುವುದು. ಬೇಲಿಯಾಚೆ ನಿಂತ ಹೋರಿ ನೀವು ಹೋದಲ್ಲೆಲ್ಲ ಬೇಲಿಗುಂಟ ಹಿಂಬಾಲಿಸಿ ಬರುತ್ತಿದ್ದರೆ ಅದನ್ನೂ ಪ್ರೀತಿ ಅಂತ ತಿಳಿಯಬೇಡಿ.

ಬಯಲಲ್ಲಿ ಇಂಥ ಹೋರಿ ಎದುರಾದರೆ ಓಡಬಾರದು, ಬೆನ್ನು ತೋರಿಸಬಾರದು, ಕೂಗಿ ಕಲ್ಲು ಎಸೆಯಲೂ ಬಾರದು. ಅದರ ಮೇಲೆ ಕಣ್ಣಿಟ್ಟುಕೊಂಡೇ ಓರೆಯಾಗಿ ನಿಧಾನಕ್ಕೆ ಹಿಂದೆ ಸರಿಯಿರಿ. ಇಪ್ಪತ್ತು ಅಡಿಯಾದರೂ ದೂರವಾದ ಮೇಲೆ ಹೆಚ್ಚಿನ ಹೋರಿಗಳು ಅಡ್ಡ ನಿಲ್ಲುವುದನ್ನು ಬಿಟ್ಟು ತಲೆ ಎತ್ತುತ್ತವೆ. ನುಗ್ಗಿಯೇಬಿಟ್ಟರೆ ಮಾತ್ರ ಕೈಯಲ್ಲಿದ್ದ ಟೋಪಿ, ಗೋಣಿ, ಕೊಡೆ ಏನಾದರೂ ಅದರ ಮುಂದೆ ಎಸೆದು ಪಕ್ಕಕ್ಕೆ ಹಾರಿ ಮರದ ಮರೆಯನ್ನೋ ಬೇಲಿಯನ್ನೋ ಸೇರಿಕೊಳ್ಳಬೇಕು.

ಇದೆಲ್ಲ ಕೊನೆಯ ಉಪಾಯ. ಬಿಟ್ಟ ಹೋರಿಯೂ ಮನುಷ್ಯನೂ ಒಂದೇ ಅಂಗಳದಲ್ಲಿ ಇರದ ಹಾಗೆ ಕೊಟ್ಟಿಗೆ ಕಟ್ಟುವುದು ಮೊದಲಿನದು. ಒಂದು ಹೋರಿಗೆ ಮೂರು ಮೀಟರ್ ಅಗಲ, ನಾಲ್ಕು ಮೀಟರ್ ಉದ್ದದ ಮಾಡು, ಅದರ ಮುಂದೆ ಓಡಾಡಲು ಬಯಲು ಬೇಕು. ಗೋದಲಿ ಹೊರಗಿನಿಂದಲೇ ಮೇವು ಹಾಕುವ ಹಾಗೆ ಇರಲಿ. ಮಾಡಿಗೂ ಬಯಲಿಗೂ ನಡುವಿನ ಗೇಟನ್ನು ಹೊರಗೆ ನಿಂತೇ ಹಗ್ಗದಿಂದ ಎಳೆದು ಮುಚ್ಚುವಂತಿದ್ದರೆ, ಹೋರಿ ಬಯಲಲ್ಲಿದ್ದಾಗ ಒಳಗೆ ಗುಡಿಸಬಹುದು, ಒಳಗಿದ್ದಾಗ ಬಯಲು ಗುಡಿಸಬಹುದು. ಬೇಲಿಯ ಎರಡು ಮೂಲೆಗಳಲ್ಲಿ ಮನುಷ್ಯ ಓರೆಯಾಗಿ ನುಸುಳುವಷ್ಟು, ಒಂದು ಅಡಿಗಿಂತ ಎರಡು ಮೂರು ಇಂಚು ಹೆಚ್ಚು ಅಗಲದ ಸಂದು ಬಿಡಿ. ಹೋರಿಯ ಭುಜ ಅದರಲ್ಲಿ ಹಿಡಿಸುವುದಿಲ್ಲ. ತೋಟದಲ್ಲಿ ಕಡಿದ ಸಿಲ್ವರ್ ಓಕ್ ಕಂಬವನ್ನೇ ಮಣ್ಣಿಗೆ ಹೂತು ಬೇಲಿ ಮಾಡುವವರಿದ್ದಾರೆ. ನಮ್ಮ ಮಳೆಗೆ ಅದರ ಬುಡ ಬೇಗ ಲಡ್ಡಾಗುತ್ತದೆ, ಗೆದ್ದಲೂ ಹಿಡಿಯುತ್ತದೆ. ಹೊರಗೆ ಗಟ್ಟಿ ಕಂಡರೂ ಹೋರಿ ಒರಗಿದ ದಿನ ಮುರಿಯುತ್ತದೆ. ಕಬ್ಬಿಣದ ಪೈಪು, ಕಾಂಕ್ರೀಟ್ ಬುಡ ಹಾಕಿಸಿ.

ಮೂಗುಬಳೆಯನ್ನು ಹತ್ತು ಹನ್ನೆರಡು ತಿಂಗಳಿಗೆ, ಕೈಯಲ್ಲಿ ಹಿಡಿಯುವಷ್ಟು ಇರುವಾಗಲೇ, ಪಶುವೈದ್ಯರಿಂದ ಹಾಕಿಸಬೇಕು. ಎರಡು ಹೊಳ್ಳೆಗಳ ನಡುವೆ ಬೆರಳಿಟ್ಟು ನೋಡಿ. ತುದಿಯ ಕಡೆ ಮೆತ್ತನೆಯ ಪೊರೆ, ಒಳಗೆ ಗಟ್ಟಿ ಮೃದ್ವಸ್ಥಿ ಸಿಗುತ್ತದೆ. ಬಳೆ ಹೋಗಬೇಕಾದ್ದು ಆ ಗಟ್ಟಿಯ ಮುಂದೆ, ಮೆತ್ತನೆಯ ಜಾಗದಲ್ಲಿ. ಗಾಯ ಪೂರ್ತಿ ಒಣಗಲು ಎರಡು ಮೂರು ವಾರ ಬೇಕು. ಅಲ್ಲಿಯವರೆಗೆ ಅದಕ್ಕೆ ಹಗ್ಗ ತಾಗಿಸಬೇಡಿ. ಒಣಗಿದ ಮೇಲೂ ಹೋರಿಯನ್ನು ಬಳೆಯಿಂದ ಗೂಟಕ್ಕೆ ಕಟ್ಟುವುದು ತಪ್ಪು. ಬೆದರಿ ಹಿಂದಕ್ಕೆ ಎಳೆದರೆ ಮೂಗು ಹರಿದು ಹೋಗುತ್ತದೆ, ಆಮೇಲೆ ಅದನ್ನು ಹಿಡಿಯಲು ಏನೂ ಉಳಿಯುವುದಿಲ್ಲ. ಕಟ್ಟುವುದು ಕತ್ತಿನ ಸರಪಳಿಗೆ ಅಥವಾ ಮುಖಹಗ್ಗಕ್ಕೆ, ನಡೆಸುವಾಗ ಹಿಡಿತಕ್ಕೆ ಮಾತ್ರ ಬಳೆ.

ಹೆಚ್ಚಿನ ಅಪಘಾತ ಆಗುವುದು ಹೋರಿಯನ್ನು ಹೊರಗೆ ತಂದಾಗ. ಆದ್ದರಿಂದ ಪಕ್ಕದ ಮನೆಯವರು ಬೆದೆಗೆ ಬಂದ ಹಸುವನ್ನು ಹೊಡೆದುಕೊಂಡು ಬಂದ ಒಂದು ಬೆಳಗ್ಗೆಯನ್ನು ಮೊದಲಿಂದ ಕೊನೆಯವರೆಗೆ ಹೇಳುತ್ತೇನೆ. ಜುಲೈ ತಿಂಗಳು, ಜಡಿಮಳೆ, ನೆಲ ಜಾರುತ್ತಿದೆ ಅಂತಿಟ್ಟುಕೊಳ್ಳಿ.

ಹಸು ಬರುವ ಹೊತ್ತಿಗೆ ಹೋರಿ ಒಳಗೇ ಇರಬೇಕು. ಮೊದಲು ಹಸುವನ್ನು ಚೌಕಟ್ಟಿಗೆ, ಅಂದರೆ ಎರಡೂ ಪಕ್ಕ ಪೈಪು ಹಾಕಿದ ಟ್ರೆವಿಸ್‌ಗೆ ಸೇರಿಸಿ, ಮುಂದೆ ತಲೆಯನ್ನು ಗಿಡ್ಡಕ್ಕೆ ಕಟ್ಟಿ. ಗಂಟು ಒಂದೇ ಎಳೆತಕ್ಕೆ ಬಿಚ್ಚುವ ಜಾರುಗಂಟು ಆಗಿರಲಿ, ಏಕೆಂದರೆ ಹಸು ಜಾರಿ ಬಿದ್ದರೆ ಕತ್ತು ಬಿಗಿಯುವ ಮೊದಲು ಬಿಚ್ಚಬೇಕಾಗುತ್ತದೆ. ಹಿಂಗಾಲು ಇಡುವ ಜಾಗದಲ್ಲಿ ಗೀರು ಹಾಕಿದ ಕಾಂಕ್ರೀಟ್ ಬೇಕು. ಇಲ್ಲದಿದ್ದರೆ ಮರಳಾದರೂ ಹರಡಿ.

ಬೆದೆಯ ಲೋಳೆ ನೋಡಲು ಹಸುವಿನ ಹಿಂದೆ ಹೋಗುವವನು ಒದೆ ತಿನ್ನುವುದು ಈ ಹೊತ್ತಿನಲ್ಲೇ. ಹಸುವಿನ ಒದೆ ಕುದುರೆಯ ಹಾಗೆ ನೇರ ಹಿಂದಕ್ಕೆ ಮಾತ್ರ ಅಲ್ಲ. ಕಾಲು ಮುಂದೆ ಬಂದು ಪಕ್ಕಕ್ಕೆ ಸುತ್ತು ಹೊಡೆದು ಹಿಂದೆ ಹೋಗುತ್ತದೆ. ತುಸು ದೂರ ನಿಂತವನಿಗೆ ಆ ಸುತ್ತಿನ ಪೂರ್ತಿ ಬಲ ತಗಲುತ್ತದೆ, ಸೊಂಟಕ್ಕೆ ಒತ್ತಿಕೊಂಡು ನಿಂತವನಿಗೆ ತಳ್ಳಿದ ಹಾಗೆ ಆಗುತ್ತದೆ ಅಷ್ಟೆ. ಆದ್ದರಿಂದ ಒಂದೋ ಪೂರ್ತಿ ಹೊರಗಿರಿ, ಇಲ್ಲವೇ ಪೂರ್ತಿ ಒತ್ತಿ ನಿಲ್ಲಿ. ಮಾತಾಡುತ್ತ ಭುಜದ ಕಡೆಯಿಂದ ಬಂದು ಬೆನ್ನ ಮೇಲೆ ಕೈಯಿಟ್ಟು ಅದನ್ನು ಎತ್ತದೆ ಸೊಂಟದವರೆಗೆ ತನ್ನಿ. ಕುಣಿದಾಡುವ ಹಸುವಾದರೆ ಇನ್ನೊಬ್ಬ ಪಕ್ಕದಲ್ಲಿ ನಿಂತು ಬಾಲವನ್ನು ಬುಡದಲ್ಲಿ ಎರಡೂ ಕೈಯಿಂದ ಹಿಡಿದು ನೇರ ಮೇಲಕ್ಕೆ ಎತ್ತಬೇಕು. ಹಾಗೆ ಎತ್ತಿದಷ್ಟು ಹೊತ್ತು ಹೆಚ್ಚಿನ ಹಸುಗಳು ಒದೆಯುವುದಿಲ್ಲ. ಬಾಲದ ನಡುವೆ ಹಿಡಿದು ತಿರುಚಿದರೆ ಮೂಳೆ ಮುರಿಯುತ್ತದೆ. ಹಿಂಗಾಲುಗಳಿಗೆ ಮಂಡಿಯ ಮೇಲೆ ಎಂಟರ ಆಕಾರದಲ್ಲಿ ಹಗ್ಗ ಹಾಕುವುದು ಹಾಲು ಕರೆಯುವಾಗ ಸರಿ, ಹೋರಿಗೆ ಬಿಡುವಾಗ ಬೇಡ. ಭಾರ ಬಿದ್ದಾಗ ಹಸು ಕಾಲು ಅಗಲಿಸಿ ನಿಲ್ಲಬೇಕು.

ಹಸು ಸಿದ್ಧವಾದ ಮೇಲೆ ಹಸು ತಂದವರನ್ನೂ ನೋಡಲು ಬಂದವರನ್ನೂ ಬೇಲಿಯಾಚೆ ಕಳಿಸಿ, ನಾಯಿಯನ್ನು ಕಟ್ಟಿ. ಹೋರಿ ಗೋದಲಿಗೆ ಕಟ್ಟಿಸಿಕೊಂಡಿರುವಾಗಲೇ, ಹೊರಗೆ ನಿಂತು, ಕೋಲಿನ ತುದಿಯ ಕೊಕ್ಕೆಯನ್ನು ಬಳೆಗೆ ಸಿಕ್ಕಿಸಬೇಕು. ಕೋಲು ಐದಾರು ಅಡಿ ಉದ್ದ ಇರಬೇಕು. ಹಗ್ಗದಿಂದ ಹೋರಿಯನ್ನು ಎಳೆಯಬಹುದೇ ಹೊರತು ನಿಮ್ಮ ಮೇಲೆ ಬರುವಾಗ ತಡೆಯಲು ಆಗುವುದಿಲ್ಲ, ಕೋಲು ಅದನ್ನು ಆ ದೂರದಲ್ಲೇ ನಿಲ್ಲಿಸುತ್ತದೆ. ಕೋಲು ಒಬ್ಬನ ಕೈಯಲ್ಲಿ, ಮುಖಹಗ್ಗ ಇನ್ನೊಬ್ಬನ ಕೈಯಲ್ಲಿ, ಇಬ್ಬರೂ ಹೋರಿಯ ಎರಡು ಪಕ್ಕ. ಹಗ್ಗವನ್ನು ಕೈಗೆ ಸುತ್ತಿಕೊಳ್ಳಬೇಡಿ, ಅದು ಓಡಿದರೆ ಕೈ ಬಿಡಿಸಿಕೊಳ್ಳಲು ಆಗುವುದಿಲ್ಲ. ಒಬ್ಬನೇ ಇದ್ದ ದಿನ ಹೋರಿಯನ್ನು ಹೊರಗೆ ತರಲೇಬೇಡಿ. ಬೆದೆ ಹನ್ನೆರಡು ಹದಿನೆಂಟು ಗಂಟೆ ಇರುತ್ತದೆ, ಜನ ಬರುವವರೆಗೆ ಕಾಯಬಹುದು.

ಹೋರಿಯನ್ನು ಹಸುವಿನ ನೇರ ಹಿಂದಿನಿಂದ ತನ್ನಿ. ಈ ಹಂತದಲ್ಲಿ ಹೋರಿಗೂ ಹಸುವಿಗೂ ನಡುವೆ, ಹೋರಿಗೂ ಪೈಪಿಗೂ ನಡುವೆ ಯಾರೂ ಇರಬಾರದು. ಅದು ಮೇಲೆ ಹತ್ತುವಾಗ ಕೋಲನ್ನು ಸಡಿಲ ಬಿಡಿ, ಆಗ ಮೂಗು ಎಳೆದರೆ ನೋವಾಗಿ ಹೋರಿ ಮನುಷ್ಯನ ಕಡೆ ತಿರುಗುತ್ತದೆ. ಇಳಿದ ಮೇಲೆ ಎಲ್ಲರೂ ಮೈಮರೆಯುತ್ತಾರೆ, ಆದರೆ ಜಾಸ್ತಿ ಎಚ್ಚರ ಬೇಕಾದ್ದು ಆಗಲೇ. ಹಸುವನ್ನು ಬಿಟ್ಟು ಬರಲು ಅದಕ್ಕೆ ಮನಸ್ಸಿರುವುದಿಲ್ಲ. ಮೊದಲು ಹೋರಿ ಒಳಗೆ ಹೋಗಿ ಗೇಟು ಬೀಳಲಿ, ಗೋದಲಿಯಲ್ಲಿ ಒಂದು ಹಿಡಿ ಹಿಂಡಿ ಇಟ್ಟಿದ್ದರೆ ತಾನಾಗಿ ಹೋಗುತ್ತದೆ. ಆಮೇಲೆ ಹಸು ಬಿಚ್ಚಿ.

ಇಷ್ಟು ಏರ್ಪಾಡು ಆಗದಿದ್ದರೆ ನನ್ನ ಅಭಿಪ್ರಾಯ ನೇರ: ನಾಲ್ಕೈದು ಹಸುವಿನ ಮನೆಗೆ ಹೋರಿ ಬೇಡ, ಕೃತಕ ಗರ್ಭಧಾರಣೆ ಸಾಕು. ಮಳೆಗಾಲದಲ್ಲಿ ಬರೆ ಕುಸಿದು ರಸ್ತೆ ಬಂದಾದರೆ ಇನ್ಸೆಮಿನೇಟರ್ ಬರುವುದಿಲ್ಲ, ನಿಜ. ಒಂದು ಬೆದೆ ತಪ್ಪಿದರೆ ಮತ್ತೆ ಇಪ್ಪತ್ತೊಂದು ದಿನಕ್ಕೆ ಬರುತ್ತದೆ. ಆ ನಷ್ಟ ತಡೆದುಕೊಳ್ಳಬಹುದು.

ಇನ್ನು ಈಗಾಗಲೇ ಒಮ್ಮೆ ಮನುಷ್ಯನ ಮೇಲೆ ಏರಿ ಬಂದ ಹೋರಿ ಇದ್ದರೆ ಅದನ್ನು ಹೊಡೆದು ಬುದ್ಧಿ ಕಲಿಸಲು ಹೋಗಬೇಡಿ. ಎರಡನೇ ಸಲ ಖಂಡಿತ ಬರುತ್ತದೆ ಅಂದುಕೊಂಡೇ ವ್ಯವಹರಿಸಿ. ಅದನ್ನು ಬೀಜಕ್ಕೆ ಇಟ್ಟುಕೊಳ್ಳದೆ ಪಶುವೈದ್ಯರನ್ನು ಕರೆಸಿ ಬೀಜ ಒಡೆಸಿ. ಆದರೆ ದೊಡ್ಡದಾದ ಮೇಲೆ ಒಡೆಸಿದ ಹೋರಿಗೆ ಕಲಿತ ಚಾಳಿ ಹೋಗುವುದಿಲ್ಲ. ವಾರಗಳಲ್ಲಿ ಬಿಸಿ ಕಡಿಮೆಯಾದರೂ ಕೋಲು, ಗೇಟು, ಇಬ್ಬರು ಜನ ಎಲ್ಲವೂ ಹಾಗೇ ಮುಂದುವರಿಯಬೇಕು. ಯಾರಿಗಾದರೂ ಅದು ಹೊಟ್ಟೆಗೋ ಎದೆಗೋ ಗುಮ್ಮಿದ್ದರೆ, ಮೇಲೆ ಗಾಯ ಕಾಣದಿದ್ದರೂ, ಅವರು ಎದ್ದು ಓಡಾಡುತ್ತಿದ್ದರೂ, ಅದೇ ಹೊತ್ತು ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಒಳಗೆ ರಕ್ತ ಸೋರುವುದು ಕೆಲವು ಗಂಟೆ ಕಳೆದ ಮೇಲೆ ಗೊತ್ತಾಗುವುದೂ ಇದೆ.