ಮೂರೇ ಸುತ್ತಿಗೆ ನಿಂತ ಪುಲ್ಲರ್

ನಮ್ಮ ಗ್ಯಾರೇಜಿಗೆ ಮಲ್ಪೆ ಕಡೆಯ ಸ್ಕೂಟರುಗಳು ತುಂಬ ಬರುತ್ತವೆ. ಮೀನು ಮಾರುವವರ ಗಾಡಿಯನ್ನು ನೋಡಿದ ತಕ್ಷಣ ಗೊತ್ತಾಗುತ್ತದೆ. ಕಾಲಿಡುವ ಜಾಗದಲ್ಲಿ ಬುಟ್ಟಿ ಇಟ್ಟ ಗುರುತು, ಐಸ್ ನೀರು ಸೋರಿ ಸೋರಿ ತುಕ್ಕು ಹಿಡಿದ ಬೋಲ್ಟುಗಳು, ಬಲಬದಿಯ ಫ್ಯಾನ್ ಕವರಿನ ಜಾಲರಿಯಲ್ಲಿ ಉಪ್ಪಿನ ಬಿಳಿ ಗೆರೆ. ಆ ಜಾಲರಿಯ ಹಿಂದೆ ಫ್ಯಾನ್, ಫ್ಯಾನಿನ ಹಿಂದೆ ನಾವು ಗ್ಯಾರೇಜಿನವರು ಮ್ಯಾಗ್ನೆಟ್ ಎಂದು ಕರೆಯುವ ಫ್ಲೈವೀಲ್. ಇಂಜಿನ್ ತಂಪಾಗಲೆಂದು ಫ್ಯಾನ್ ಹೊರಗಿನ ಗಾಳಿಯನ್ನು ಒಳಗೆ ಎಳೆಯುತ್ತದೆ. ಗಾಳಿಯ ಜೊತೆ ಉಪ್ಪೂ ಹೋಗುತ್ತದೆ.

ಕಳೆದ ಮಳೆಗಾಲದಲ್ಲಿ, ದೊಡ್ಡ ಬೋಟುಗಳು ದಡದಲ್ಲಿರುವ ಜೂನ್ 1ರಿಂದ ಜುಲೈ 31ರ ನಡುವೆ, ಒಬ್ಬರು ಅಕ್ಕ 110 ಸಿಸಿ ಗಾಡಿಯನ್ನು ಟೆಂಪೋದಲ್ಲಿ ಹಾಕಿಸಿಕೊಂಡು ಬಂದರು. ‘ಕಿಕ್ ಹೊಡೆದರೆ ಕಾಲಿಗೆ ವಾಪಸ್ ಹೊಡೀತದೆ ಮಾರಾಯ, ನನ್ನ ಮೊಣಕಾಲು ಹೋಯ್ತು’ ಎಂದರು. ಒಂದು ತಿಂಗಳ ಹಿಂದೆ ಬೇರೆ ಕಡೆ ಮ್ಯಾಗ್ನೆಟ್ ಬಿಚ್ಚಿ ಅದರ ಹಿಂದಿನ ಆಯಿಲ್ ಸೀಲ್ ಹಾಕಿಸಿದ್ದರಂತೆ. ಎಲ್ಲಿ ಎಂದು ನಾನು ಕೇಳಲಿಲ್ಲ.

ಪ್ಲಗ್‌ನಲ್ಲಿ ಕಿಡಿ ಇತ್ತು, ಪೆಟ್ರೋಲ್ ಬರುತ್ತಿತ್ತು. ಕಿಡಿ ಇದ್ದೂ ಕಿಕ್ ವಾಪಸ್ ಹೊಡೆಯುತ್ತದೆ ಎಂದರೆ ಕಿಡಿ ಬರುವ ಹೊತ್ತು ತಪ್ಪಿದೆ. ಆ ಹೊತ್ತನ್ನು ಹೇಳುವುದು ಮ್ಯಾಗ್ನೆಟ್. ಅದರ ಮೈಮೇಲಿನ ಉಬ್ಬು ಪಿಕಪ್ ಕಾಯಿಲ್‌ನ ಮುಂದೆ ಹಾದಾಗ ಕಿಡಿ ಬರುತ್ತದೆ. ಪಿಸ್ಟನ್ ತಿರುಗಿಸುವ ದಂಡ ಕ್ರ್ಯಾಂಕ್, ಅದರ ಮೇಲೆ ಮ್ಯಾಗ್ನೆಟ್ ತನ್ನ ಜಾಗ ಬಿಟ್ಟು ತಿರುಗಿದ್ದರೆ ಪಿಸ್ಟನ್ ಮೇಲೆ ತಲುಪಲು ಇನ್ನೂ ತುಂಬ ಇರುವಾಗಲೇ ಕಿಡಿ ಹಾರಬಹುದು. ಪ್ಲಗ್ ತೆಗೆದು ಆ ರಂಧ್ರದಲ್ಲಿ ಉದ್ದನೆಯ ಜ್ಯೂಸ್ ಸ್ಟ್ರಾ ಇಟ್ಟು, ಫ್ಯಾನನ್ನು ಕೈಯಲ್ಲೇ ಮೆಲ್ಲಗೆ ತಿರುಗಿಸಿದೆ. ಸ್ಟ್ರಾ ಮೇಲೇರುವುದನ್ನು ನಿಲ್ಲಿಸಿದ ಜಾಗದಲ್ಲಿ ಮ್ಯಾಗ್ನೆಟ್ಟಿನ ‘ಟಿ’ ಗುರುತು ಕೇಸಿಂಗಿನ ಗುರುತಿಗೆ ಎದುರಾಗಿ ಇರಬೇಕು. ಇಲ್ಲಿ ಅದು ಒಂದು ಬೆರಳಿನ ಅಗಲ ದೂರದಲ್ಲಿತ್ತು.

ಫ್ಯಾನ್ ಬಿಚ್ಚಿದೆವು. ಮ್ಯಾಗ್ನೆಟ್ಟಿನ ನಟ್ ಸ್ಪಾನರ್ ಇಟ್ಟ ಕೂಡಲೇ ತಿರುಗಿತು, ಅಂದರೆ ಟೈಟ್ ಇರಲೇ ಇಲ್ಲ. ನಮ್ಮಲ್ಲಿ ಕೆಲಸ ಕಲಿಯುವ ಹುಡುಗ ನಕ್ಕ. ‘ಇದು ಕೈಯಲ್ಲೇ ಬರ್ತದೆ ಅಣ್ಣ’ ಎಂದು ಎರಡೂ ಕೈ ಹಾಕಿ ಎಳೆದ. ಅದು ಅಲುಗಲಿಲ್ಲ.

ನಟ್ ಲೂಸ್ ಇದ್ದರೆ ಮ್ಯಾಗ್ನೆಟ್ಟೂ ಲೂಸ್ ಇರಬೇಕೆಂದು ತೋರುವುದು ಸಹಜ. ಆದರೆ ಕ್ರ್ಯಾಂಕಿನ ತುದಿ ಅಲ್ಲಿ ನೇರ ಇಲ್ಲ, ಹೊರಗೆ ಹೋದಂತೆ ಸಣ್ಣಗಾಗುವ ಟೇಪರ್. ಮ್ಯಾಗ್ನೆಟ್ಟಿನ ನಡುವಿನ ದಪ್ಪ ಭಾಗವಾದ ಹಬ್ಬಿನೊಳಗೂ ಅದೇ ಇಳಿಜಾರು. ನಟ್ ಬಿಗಿದಾಗ ಒಂದು ಇನ್ನೊಂದರೊಳಗೆ ಬೆಣೆಯಂತೆ ಕೂರುತ್ತದೆ. ಮ್ಯಾಗ್ನೆಟ್ ಜಾರದಂತೆ ಹಿಡಿಯುವುದು ಈ ಬೆಣೆಯ ಹಿಡಿತ. ನಡುವೆ ಇರುವ ಅರ್ಧಚಂದ್ರದಂಥ ಸಣ್ಣ ಕೀ, ಕೂರಿಸುವಾಗ ಸರಿಯಾದ ಜಾಗ ತೋರಿಸಲು ಮಾತ್ರ. ಇಂಜಿನಿನ ಹೊಡೆತ ಹೊರುವ ಶಕ್ತಿ ಅದಕ್ಕಿಲ್ಲ. ನಟ್ಟನ್ನು ಸಾಕಷ್ಟು ಬಿಗಿಯದಿದ್ದರೆ ಮ್ಯಾಗ್ನೆಟ್ ಟೇಪರಿನ ಮೇಲೆ ಕಾಣದಷ್ಟು ಸಣ್ಣದಾಗಿ ಉಜ್ಜಿಕೊಳ್ಳುತ್ತದೆ. ಉಜ್ಜಿ ಬಂದ ಕಬ್ಬಿಣದ ಪುಡಿ ಅಲ್ಲೇ ಕೆಂಪಗೆ ತುಕ್ಕಾಗಿ ಎರಡನ್ನೂ ಕಚ್ಚಿ ಹಿಡಿಯುತ್ತದೆ. ಕೀ ಅರ್ಧ ತುಂಡಾಗಿದ್ದರೆ ಅದರ ಮೆಟ್ಟಿಲೂ ಅಡ್ಡ ಬರುತ್ತದೆ. ಹಾಗಾಗಿ ಲೂಸ್ ನಟ್ ಕಂಡರೆ ನನಗೆ ಹೆದರಿಕೆಯೇ ಹೆಚ್ಚು.

ಮ್ಯಾಗ್ನೆಟ್ಟನ್ನು ಎಳೆದು ತೆಗೆಯುವ ಪುಲ್ಲರ್ ತರಲು ಹೇಳಿದೆ. ನಮ್ಮಲ್ಲಿರುವುದು ಎರಡು ಭಾಗದ್ದು. ಹೊರಗಿನ ದಪ್ಪ ಬಾಡಿ ಹಬ್ಬಿನ ಒಳಗಿನ ಥ್ರೆಡ್ಡಿಗೆ ಕೂರುತ್ತದೆ, ನಡುವಿನ ಬೋಲ್ಟ್ ಕ್ರ್ಯಾಂಕಿನ ತುದಿಯನ್ನು ಒತ್ತುತ್ತದೆ. ಒಂದೇ ಮಾದರಿ ಎಲ್ಲ ಗಾಡಿಗೂ ಆಗುವುದಿಲ್ಲ, ಕೆಲವು ಹಬ್ಬುಗಳಲ್ಲಿ ಥ್ರೆಡ್ ಎಡಗೈಯದ್ದೂ ಇರುತ್ತದೆ. ಪುಲ್ಲರನ್ನು ನೆಟ್ಟಗೆ ಹಿಡಿದು ನೋಡಿದರೆ ಎಳೆಗಳು ಯಾವ ಕಡೆಗೆ ಏರುತ್ತವೆ ಎಂದು ಕಾಣುತ್ತದೆ. ಬಲಕ್ಕೆ ಏರಿದರೆ ಮಾಮೂಲಿ, ಎಡಕ್ಕೆ ಏರಿದರೆ ಉಲ್ಟಾ.

ಹುಡುಗ ಬಾಡಿಯನ್ನು ಕೈಯಲ್ಲೇ ತಿರುಗಿಸಿ ‘ಕೂತಿತು ಅಣ್ಣ’ ಎಂದ. ‘ಎಷ್ಟು ಸುತ್ತು?’ ಎಂದು ಕೇಳಿದೆ. ಲೆಕ್ಕ ಇಟ್ಟಿರಲಿಲ್ಲ. ಬಿಚ್ಚಿಸಿ ಮತ್ತೆ ಹಾಕಿಸಿದೆ. ಮೂರು.

ಈ ಮೂರರ ಮೇಲೆ ನನಗೊಂದು ಹಳೆಯ ಸಿಟ್ಟಿದೆ. ಕೆಲಸ ಕಲಿಯುವಾಗ ಮಂಗಳೂರಿನ ಒಂದು ಗ್ಯಾರೇಜಿನಲ್ಲಿದ್ದೆ. ಅಲ್ಲಿ ಇಂಥದ್ದೇ ಪುಲ್ಲರ್ ಹಾಕಿದ್ದೆ, ಮೂರು ಸುತ್ತಿಗೆ ಗಟ್ಟಿಯಾಗಿ ನಿಂತಿತು. ಪೂರ್ತಿ ಕೂತಿದೆ ಎಂದುಕೊಂಡು ಸ್ಪಾನರಿಗೆ ಪೈಪ್ ಸಿಕ್ಕಿಸಿ ನಡುವಿನ ಬೋಲ್ಟನ್ನು ಎಳೆದೆ. ಕರ್ ಎಂದು ಸದ್ದಾಯಿತು. ಬಾಡಿ ಹೊರಗೆ ಬಂದದ್ದು ಹಬ್ಬಿನ ಥ್ರೆಡ್ಡನ್ನು ಬೆಳ್ಳಿ ಎಳೆಯ ಹಾಗೆ ಸುತ್ತಿಕೊಂಡು. ತಪ್ಪು ಏನೆಂದರೆ, ಬಾಡಿ ಹಾಕುವ ಮೊದಲು ನಡುವಿನ ಬೋಲ್ಟನ್ನು ನಾನು ಹಿಂದಕ್ಕೆ ತೆಗೆದಿರಲಿಲ್ಲ. ಅದರ ಮೂತಿ ಮೊದಲೇ ಕ್ರ್ಯಾಂಕಿಗೆ ತಾಗಿ ಬಾಡಿಯನ್ನು ತಡೆದಿತ್ತು. ಇಡೀ ಎಳೆತ ಮೂರೇ ಮೂರು ಎಳೆಗಳ ಮೇಲೆ ಬಿತ್ತು. ಹೊಸ ಮ್ಯಾಗ್ನೆಟ್ಟಿನ ದುಡ್ಡನ್ನು ಧನಿ ನನ್ನ ಸಂಬಳದಿಂದ ಕಂತಿನಲ್ಲಿ ಹಿಡಿದರು. ಬೈಯಲಿಲ್ಲ, ಅದು ಇನ್ನೂ ಕಷ್ಟ.

ಹಾಳಾದ ಆ ಮ್ಯಾಗ್ನೆಟ್ಟನ್ನು ಹೊರಗೆ ತೆಗೆದದ್ದೂ ಧನಿಯೇ. ಫ್ಯಾನ್ ಕೂರಿಸುವ ಬೋಲ್ಟಿನ ರಂಧ್ರಗಳು ಮ್ಯಾಗ್ನೆಟ್ಟಿನಲ್ಲಿ ಇರುತ್ತವಲ್ಲ, ಅವಕ್ಕೆ ಸರಿಯಾಗಿ ದಪ್ಪ ಪಟ್ಟಿಯೊಂದನ್ನು ತೂತು ಮಾಡಿ, ಉದ್ದ ಬೋಲ್ಟುಗಳಿಂದ ಕಟ್ಟಿ, ನಡುವೆ ಸ್ಕ್ರೂ ಕೊಟ್ಟು ಎಳೆದರು. ಅಂಚಿಗೆ ಮೂರು ಕಾಲಿನ ಪುಲ್ಲರ್ ಹಾಕಲು ಬಿಡಲಿಲ್ಲ. ಅಂಚನ್ನು ಹಿಡಿದು ಎಳೆದರೆ ಬಟ್ಟಲು ಬಾಗುತ್ತದೆ, ಒಳಗಿನ ಮ್ಯಾಗ್ನೆಟ್ ತುಂಡುಗಳು ಬಿರುಕು ಬಿಡುತ್ತವೆ.

ಹಾಗಾಗಿ ಈಗ ಲೆಕ್ಕ. ನಮ್ಮ ಪುಲ್ಲರಿನ ಥ್ರೆಡ್ ಒಂದು ಮಿಲಿಮೀಟರ್ ಪಿಚ್ಚಿನದು, ಅಂದರೆ ಒಂದು ಸುತ್ತಿಗೆ ಒಂದು ಮಿಲಿಮೀಟರ್ ಒಳಗೆ ಹೋಗುತ್ತದೆ. ಆ ಹಬ್ಬಿನಲ್ಲಿ ಥ್ರೆಡ್ಡಿನ ಆಳವನ್ನು ಕಡ್ಡಿ ಇಟ್ಟು ಅಳೆದೆ, ಒಂಬತ್ತು ಮಿಲಿಮೀಟರ್. ಎಂಟಾದರೂ ಸುತ್ತು ಹೋಗಬೇಕು. ನಡುವಿನ ಬೋಲ್ಟ್ ಹಿಂದಕ್ಕೇ ಇತ್ತು, ಹುಡುಗನಿಗೆ ಅದನ್ನು ಹೇಳಿಕೊಟ್ಟಿದ್ದೆ. ಹಾಗಾದರೆ ತಡೆದದ್ದು ಬೇರೆ ಏನೋ. ಎರಡಕ್ಕೂ ಕೈಗೆ ಸಿಗುವ ವ್ಯತ್ಯಾಸ ಉಂಟು. ಬೋಲ್ಟ್ ತಾಗಿದರೆ ಗೋಡೆಗೆ ತಾಗಿದಂತೆ ತಟ್ಟನೆ ನಿಲ್ಲುತ್ತದೆ. ಕಸ ಅಥವಾ ತುಕ್ಕು ಇದ್ದರೆ ಮರಳಿನ ಮೇಲೆ ತಿರುಗಿಸಿದ ಹಾಗೆ ಬಿಗಿಯಾಗುತ್ತಾ ಹೋಗುತ್ತದೆ. ಇಲ್ಲಿ ಮರಳು. ಟಾರ್ಚ್ ಹಾಕಿ ನೋಡಿದರೆ ನಾಲ್ಕನೇ ಎಳೆಯಿಂದ ಆಚೆಗೆ ಉಪ್ಪೂ ತುಕ್ಕೂ ಸೇರಿ ಕಲ್ಲಾಗಿತ್ತು.

ಸಣ್ಣ ಹಿತ್ತಾಳೆ ಬ್ರಷ್, ಡೀಸೆಲ್, ಮೊನಚು ಮಾಡಿದ ಸ್ಪೋಕ್ ಕಡ್ಡಿ. ಹುಡುಗ ಎಳೆ ಎಳೆಯಾಗಿ ಕೆರೆದ. ಮುಕ್ಕಾಲು ಗಂಟೆ ಹೋಯಿತು. ಅಕ್ಕ ಎರಡು ಸಲ ‘ಆಯ್ತಾ?’ ಎಂದು ಕೇಳಿದರು. ಕೊನೆಗೆ ಬಾಡಿ ಕೈಯಲ್ಲೇ ಎಂಟೂವರೆ ಸುತ್ತು ಹೋಗಿ ನಿಂತಿತು. ಇಲ್ಲಿ ಸ್ಪಾನರಿನ ಬಲ ಹಾಕಬಾರದು. ಕೈಯಲ್ಲಿ ಹೋಗದ ಥ್ರೆಡ್ ಸರಿಯಾಗಿ ಕೂತಿಲ್ಲ ಎಂದೇ ಲೆಕ್ಕ.

ಕ್ರ್ಯಾಂಕಿನ ತುದಿಗೆ ಲೇತ್‌ನಲ್ಲಿ ಮಾಡಿಸಿಟ್ಟುಕೊಂಡ ಸಣ್ಣ ಹಿತ್ತಾಳೆ ಬಿಲ್ಲೆ ಇಟ್ಟೆ. ಬೋಲ್ಟಿನ ಮೂತಿ ನೇರ ಒತ್ತಿದರೆ ತುದಿ ಅಗಲಗೊಂಡು ಮತ್ತೆ ನಟ್ ಏರುವುದಿಲ್ಲ. ಟೇಪರಿನ ಬಾಯಿಗೆ ನಾಲ್ಕು ಹನಿ ತುಕ್ಕು ಬಿಡಿಸುವ ಎಣ್ಣೆ ಬಿಟ್ಟೆ. ಬಾಡಿಯನ್ನು ದೊಡ್ಡ ಸ್ಪಾನರಿನಲ್ಲಿ ಹುಡುಗ ಹಿಡಿದ, ನಾನು ನಡುವಿನ ಬೋಲ್ಟ್ ಬಿಗಿದೆ. ಪೈಪ್ ಇಲ್ಲ, ಇಂಪ್ಯಾಕ್ಟ್ ಗನ್ನೂ ಇಲ್ಲ. ಗನ್ ಹಾಕಿದರೆ ಬೇಗ ಬರುತ್ತದೆ, ಒಪ್ಪುತ್ತೇನೆ, ಆದರೆ ಥ್ರೆಡ್ ಸೋಲುತ್ತಿರುವುದು ಕೈಗೆ ತಿಳಿಯುವುದಿಲ್ಲ.

ಬೋಲ್ಟ್ ಚೆನ್ನಾಗಿ ಬಿಗಿಯಾದ ಮೇಲೆ ಅದರ ತಲೆಗೆ ಸಣ್ಣ ಸುತ್ತಿಗೆಯಿಂದ ಎರಡು ಪೆಟ್ಟು, ಚುರುಕಾಗಿ, ಹಗುರವಾಗಿ. ಬರಲಿಲ್ಲ. ಹುಡುಗ ದೊಡ್ಡ ಸುತ್ತಿಗೆಗೆ ಕೈ ಹಾಕಿದ, ಬೇಡ ಎಂದೆ. ಈ ಗಾಡಿಗಳ ಕ್ರ್ಯಾಂಕ್ ಒಂದೇ ತುಂಡಿನದ್ದಲ್ಲ. ಎರಡು ಭಾಗಗಳ ನಡುವೆ ಪಿನ್ ಪ್ರೆಸ್ ಮಾಡಿ ಸೇರಿಸಿದ್ದು. ತುದಿಗೆ ಜೋರಾಗಿ ಹೊಡೆದರೆ ಆ ಜೋಡಣೆ ಕೂದಲೆಳೆಯಷ್ಟು ಸರಿಯುತ್ತದೆ, ಆಮೇಲೆ ಗಾಡಿ ಜೀವಮಾನವಿಡೀ ನಡುಗುತ್ತದೆ. ಗ್ಯಾಸ್ ಹಚ್ಚಿ ಬಿಸಿ ಮಾಡುವುದೂ ಇಲ್ಲಿ ಬೇಡ. ಮ್ಯಾಗ್ನೆಟ್ ತುಂಡುಗಳ ಅಂಟು ಬಿಡಬಹುದು, ಶಕ್ತಿ ಕುಂದಬಹುದು, ಹಿಂದಿನ ಆಯಿಲ್ ಸೀಲ್ ಸುಡಬಹುದು.

ಹಾಗೇ ಬಿಗಿಯಲ್ಲಿಟ್ಟು ಬೇರೊಂದು ಗಾಡಿಯ ಬ್ರೇಕ್ ಶೂ ಹಾಕಿದೆವು. ಅರ್ಧ ಗಂಟೆಯ ನಂತರ ಬೋಲ್ಟ್ ಇನ್ನೊಂದು ಕಾಲು ಸುತ್ತು ಬಿಗಿಯಿತು, ಮತ್ತೆರಡು ಪೆಟ್ಟು. ಮತ್ತೆ ಕಾಯುವುದು. ಮೂರನೇ ಸಲ ಪೆಟ್ಟು ಬಿದ್ದಾಗ ಟಕ್ ಎಂದಿತು, ತೆಂಗಿನಕಾಯಿಯ ಗೆರಟೆ ಬಿಟ್ಟ ಹಾಗೆ. ನೋಡಿದರೆ ಮ್ಯಾಗ್ನೆಟ್ ಅಲ್ಲೇ ಇದೆ. ‘ಬರಲಿಲ್ಲ ಅಣ್ಣ’ ಎಂದ ಹುಡುಗ. ಬಂದಿತ್ತು. ಟೇಪರ್ ಬಿಟ್ಟರೂ ಅಯಸ್ಕಾಂತ ಒಳಗಿನ ಕಾಯಿಲಿನ ಕಬ್ಬಿಣವನ್ನು ಹಿಡಿದಿರುತ್ತದೆ. ಈಗ ಎಳೆ ಎಂದೆ. ಎಳೆದಾಗ ಕೈಗೆ ಬಂತು.

ಟೇಪರಿನ ಮೇಲೆ ಕಾಫಿಪುಡಿಯಂಥ ಕೆಂಪು ಪುಡಿ. ಕೀ ಮಧ್ಯದಲ್ಲಿ ಮೆಟ್ಟಿಲಿನಂತೆ ಜರಗಿತ್ತು, ಮೇಲಿನರ್ಧ ಮ್ಯಾಗ್ನೆಟ್ಟಿನ ಜೊತೆ ಹೋಗಿತ್ತು. ಕ್ರ್ಯಾಂಕಿನ ಕೀ ಗುಂಡಿಯ ಅಂಚು ಪುಣ್ಯಕ್ಕೆ ನೇರವಾಗಿತ್ತು. ಅದು ಅಗಲವಾಗಿದ್ದರೆ ಹೊಸ ಕೀ ಒಳಗೆ ಆಡುತ್ತದೆ, ಆಗ ಕ್ರ್ಯಾಂಕ್ ಬದಲಿಸುವ ಮಾತು, ಇಂಜಿನ್ ಪೂರ್ತಿ ಬಿಚ್ಚುವ ಕೆಲಸ.

ಎರಡೂ ಕಡೆ ಒರೆಸಿ, ಎಣ್ಣೆಯ ಜಿಡ್ಡು ಉಳಿಯದಂತೆ ಪೆಟ್ರೋಲಿನಲ್ಲಿ ತೊಳೆದು ಒಣಗಿಸಿದೆ. ಕೀ ಇಲ್ಲದೆ, ಕ್ರ್ಯಾಂಕಿನ ಟೇಪರಿಗೆ ಕಪ್ಪು ಮಾರ್ಕರ್ ಬಳಿದು, ಮ್ಯಾಗ್ನೆಟ್ಟನ್ನು ಒತ್ತಿ ಸ್ವಲ್ಪ ತಿರುಗಿಸಿ ತೆಗೆದೆ. ಕಪ್ಪು ಎಲ್ಲಿ ಅಳಿಸಿದೆಯೋ ಅಲ್ಲಿ ಮಾತ್ರ ಎರಡೂ ತಾಗುತ್ತಿವೆ. ಮೊದಲ ಸಲ ಹೊರಬಾಯಿಯ ಹತ್ತಿರ ಒಂದು ಉಂಗುರ ಮಾತ್ರ ಅಳಿಸಿತ್ತು. ನಯವಾದ ಗ್ರೈಂಡಿಂಗ್ ಪೇಸ್ಟ್ ಚೂರು ಹಚ್ಚಿ ಎರಡು ನಿಮಿಷ ಅತ್ತಿತ್ತ ತಿರುಗಿಸಿ, ಮತ್ತೆ ಪೂರ್ತಿ ತೊಳೆದು ನೋಡಿದಾಗ ಮುಕ್ಕಾಲು ಭಾಗಕ್ಕೂ ಹೆಚ್ಚು ಅಳಿಸಿತು. ಇದಕ್ಕಿಂತ ಜಾಸ್ತಿ ಉಜ್ಜಿದರೆ ಮ್ಯಾಗ್ನೆಟ್ ಒಳಗೆ ಇಳಿದು ಕಾಯಿಲ್ ಪ್ಲೇಟಿಗೆ ತಾಗಬಹುದು, ಅಲ್ಲಿಗೇ ನಿಲ್ಲಿಸಿದೆ.

ಕೂರಿಸುವ ಮೊದಲು ಮ್ಯಾಗ್ನೆಟ್ಟಿನ ಒಳಗೆ ಬೆರಳು ಆಡಿಸಿದೆ. ಸಿಕ್ಕಿದ್ದು ಒಂದು ವಾಷರ್, ಮುರಿದ ಕೀಯ ಚೂರು. ಹೊಸ ಕೀ, ಒಣ ಟೇಪರ್. ಗ್ರೀಸ್ ಹಚ್ಚಬಾರದು, ಹಚ್ಚಿದರೆ ಬೆಣೆಯ ಹಿಡಿತವೇ ಹೋಯಿತು. ಫ್ಯಾನಿನ ರಂಧ್ರಗಳಿಗೆ ಸಿಕ್ಕಿಸುವ ಹೋಲ್ಡರಿನಿಂದ ಮ್ಯಾಗ್ನೆಟ್ ಹಿಡಿಸಿ, ನಟ್ಟನ್ನು ಆ ಗಾಡಿಯ ಮ್ಯಾನುಯಲ್‌ನಲ್ಲಿರುವ ಟಾರ್ಕಿಗೆ ಟಾರ್ಕ್ ರೆಂಚಿನಲ್ಲಿ ಬಿಗಿದೆ. ಸ್ಟ್ರಾ ಮತ್ತೆ ಇಟ್ಟೆ. ‘ಟಿ’ ಎದುರಿಗೇ ಬಂದು ನಿಂತಿತು.

ಅಕ್ಕ ಕಿಕ್ ಹೊಡೆಯಲು ಒಪ್ಪಲಿಲ್ಲ. ‘ನೀನೇ ಹೊಡಿ, ನನ್ನ ಕಾಲು ಬೇಕು’ ಎಂದರು. ಎರಡನೇ ಕಿಕ್ಕಿಗೆ ಸ್ಟಾರ್ಟ್ ಆಯಿತು. ಹುಡುಗ ಪುಲ್ಲರಿನ ಬಾಡಿ ಮೇಲೆ ಬಿಳಿ ಪೇಂಟಿನಲ್ಲಿ ‘8’ ಎಂದು ಬರೆದಿಟ್ಟಿದ್ದಾನೆ.