ಕಾಶಿ ರೈಲಿಗೆ ಕೌಂಟರ್‌ನಲ್ಲಿ ಟಿಕೆಟ್ ಸಿಗಲ್ಲ

2023ರಲ್ಲಿ ಅಮ್ಮನಿಗೂ ದೊಡ್ಡಮ್ಮನಿಗೂ ಕಾಶಿ ರೈಲು ಬುಕ್ ಮಾಡುವ ಕೆಲಸ ನನ್ನ ತಲೆಗೆ ಬಂತು. ಮುಜರಾಯಿ ಇಲಾಖೆ ಐಆರ್‌ಸಿಟಿಸಿ ಜೊತೆ ಸೇರಿ ಓಡಿಸುತ್ತಿದ್ದ ಭಾರತ್ ಗೌರವ್ ರೈಲು ಅದು. ಕಾಶಿ, ಅಯೋಧ್ಯೆ, ಪ್ರಯಾಗ ನೋಡಿಕೊಂಡು ಎಂಟು ದಿನಕ್ಕೆ ವಾಪಸ್. ದಾವಣಗೆರೆಯಲ್ಲೇ ಹತ್ತಬಹುದು ಅನ್ನೋದೇ ಇಬ್ಬರಿಗೂ ದೊಡ್ಡ ಖುಷಿ.

ಅಪ್ಪ ಹಳೇ ಅಭ್ಯಾಸದಂತೆ ಬೆಳಿಗ್ಗೆ ಬೇಗ ಸ್ಟೇಷನ್ನಿಗೆ ಹೋಗಿ, ರಿಸರ್ವೇಷನ್ ಫಾರಂ ತುಂಬಿ, ಸಾಲಿನಲ್ಲಿ ನಿಂತರು. ಕೌಂಟರಿನವರು ಫಾರಂ ನೋಡಿ, "ಯಜಮಾನ್ರೇ, ಇದು ನಮ್ಮ ಕಂಪ್ಯೂಟರಲ್ಲಿ ಬರಲ್ಲ" ಅಂದರಂತೆ. ಬರೋದೇ ಇಲ್ಲ ನಿಜ. ನಾವು ದಿನಾ ಟಿಕೆಟ್ ತೆಗೆಯೋದು irctc.co.in ನಲ್ಲಿ, ಈ ಪ್ಯಾಕೇಜ್ ಸಿಗೋದು irctctourism.com ನಲ್ಲಿ. ಹೆಸರು ಒಂದೇ ಥರ ಇದ್ದರೂ ಎರಡೂ ಬೇರೆ ಅಂಗಡಿ. ಇಲ್ಲಿ ತತ್ಕಾಲ್ ಇಲ್ಲ. (ಪ್ರವಾಸಿಗರ ರೈಲೆಲ್ಲಾ ಹೀಗೇ ಅಂತಲ್ಲ. ಮೆಟ್ಟುಪಾಳ್ಯಂನಿಂದ ಊಟಿಗೆ ಹೋಗುವ ಪುಟ್ಟ ರೈಲು ಯುನೆಸ್ಕೋ ಪಟ್ಟಿಯಲ್ಲಿದ್ದರೂ, ಅದರ ಟಿಕೆಟ್ ಮಾಮೂಲಿ ರೈಲಿನ ಹಾಗೇ ಬುಕ್ ಆಗುತ್ತೆ.)

ದರದ ಲೆಕ್ಕವೂ ಬೇರೆ. ಮಾಮೂಲಿ ರೈಲಿನಲ್ಲಿ ಕಿಲೋಮೀಟರ್ ನೋಡಿ ದುಡ್ಡು. ಇಲ್ಲಿ ಬೆಂಗಳೂರಲ್ಲಿ ಹತ್ತಿದರೂ ದಾವಣಗೆರೆಯಲ್ಲಿ ಹತ್ತಿದರೂ ತಲೆಗೆ ಅಷ್ಟೇ. ನಮ್ಮ ಕೈಯಿಂದ 15,000, ಉಳಿದದ್ದು ಸರ್ಕಾರದ ಸಹಾಯಧನ, ಅದಕ್ಕೆ ಕರ್ನಾಟಕದವರು ಅನ್ನೋದಕ್ಕೆ ದಾಖಲೆ ಬೇಕು. ಆ ದುಡ್ಡಿನಲ್ಲಿ ತ್ರೀ ಟಯರ್ ಎಸಿ ಬರ್ತ್, ಊಟ ತಿಂಡಿ, ಉಳಿಯೋ ಜಾಗ, ಸ್ಟೇಷನ್ನಿಂದ ದೇವಸ್ಥಾನಕ್ಕೆ ಬಸ್ಸು ಎಲ್ಲಾ ಸೇರಿತ್ತು. "ಬರೀ ರೈಲಿಗೆ ಇಷ್ಟೊಂದಾ?" ಅಂತ ಅಪ್ಪ ಗೊಣಗಿದರು. ಬರೀ ರೈಲಲ್ಲ ಅಂತ ನಾನು ಎಷ್ಟು ಸಲ ಹೇಳಿದರೂ ಅವರ ತಲೆಯಲ್ಲಿ ಅದು ಟಿಕೆಟ್ಟೇ.

ನಿಜವಾದ ಬಿಸಿ ತಟ್ಟಿದ್ದು ದೊಡ್ಡಮ್ಮನ ಮಂಡಿ ಊದಿಕೊಂಡಾಗ. ನಡೆಯೋಕೇ ಆಗ್ತಿರಲಿಲ್ಲ. "ಹೊರಡೋ ಎರಡು ದಿನ ಮುಂಚೆ ನೋಡಿಕೊಂಡರಾಯ್ತು, ಆಗಲಿಲ್ಲ ಅಂದ್ರೆ ಕ್ಯಾನ್ಸಲ್ ಮಾಡೋಣ ಬಿಡು" ಅಂದರು ಅಮ್ಮ. ಮಾಮೂಲಿ ರೈಲಾಗಿದ್ದರೆ ಸರಿಯಾದ ಮಾತೇ. ಕನ್ಫರ್ಮ್ ಆದ ತ್ರೀ ಟಯರ್ ಎಸಿ ಟಿಕೆಟ್ಟನ್ನು ರೈಲು ಹೊರಡೋ 48 ಗಂಟೆಗೆ ಮುಂಚೆ ರದ್ದು ಮಾಡಿದರೆ ಆಗ ತಲೆಗೆ 180 ರೂಪಾಯಿ, ಜೊತೆಗೆ ಜಿಎಸ್‌ಟಿ ಹೋಗುತ್ತಿತ್ತು. ಇಲ್ಲಿ ಗಂಟೆ ಲೆಕ್ಕ ಅಲ್ಲ, ದಿನದ ಲೆಕ್ಕ. ಹೊರಡೋ ದಿನವನ್ನು ಬಿಟ್ಟು ಹಿಂದಕ್ಕೆ ಎಣಿಸಬೇಕು. 15 ದಿನಕ್ಕೆ ಮುಂಚೆ ರದ್ದಾದರೆ ತಲೆಗೆ 250 ರೂಪಾಯಿ ಮಾತ್ರ. 14ರಿಂದ 8 ದಿನದ ಒಳಗೆ ಕಾಲು ಭಾಗ, 7ರಿಂದ 4 ದಿನದ ಒಳಗೆ ಅರ್ಧ ಹೋಗುತ್ತೆ, ಆಮೇಲೆ ಏನೂ ವಾಪಸ್ ಬರಲ್ಲ.

ನಾನು ಗೋಡೆ ಮೇಲಿನ ಕ್ಯಾಲೆಂಡರ್ ಇಳಿಸಿ ಅಮ್ಮನ ಎದುರಿಗೆ ಪೆನ್ನು ಹಿಡಿದು ಕೂತೆ. ರೈಲು 29ಕ್ಕೆ. 14ರವರೆಗೆ 250, ಅದು ಆಗಲೇ ಮುಗಿದಿತ್ತು. 15ರಿಂದ 21ರವರೆಗೆ ಕಾಲು ಭಾಗ. 22ರಿಂದ 25ರವರೆಗೆ ಅರ್ಧ. ನಾವು ಕಟ್ಟಿದ 15,000 ಮೇಲೇ ಲೆಕ್ಕ ಹಿಡಿದರೂ, 21ಕ್ಕೆ ರದ್ದಾದರೆ 3,750 ಹೋಗುತ್ತೆ, ಒಂದು ರಾತ್ರಿ ಕಳೆದು 22ಕ್ಕೆ ಆದರೆ 7,500. ಅಮ್ಮ ಹೇಳಿದ ಹಾಗೆ 27ರವರೆಗೆ ಕಾದಿದ್ದರೆ ಪೂರ್ತಿ ಗೋವಿಂದ. ಅಮ್ಮ 21ರ ಮೇಲೆ ಬೆರಳಿಟ್ಟು, "ಹಂಗಾರೆ ಡಾಕ್ಟರ್ ಹತ್ರ ನಾಳೇನೇ ಹೋಗಬೇಕು" ಅಂದರು. 24ಕ್ಕೆ ಇದ್ದ ಅಪಾಯಿಂಟ್‌ಮೆಂಟನ್ನು ಹೇಗೋ ಕಾಡಿ ಬೇಡಿ 20ಕ್ಕೆ ಹಾಕಿಸಿಕೊಂಡೆವು. ಡಾಕ್ಟರು ಮಂಡಿ ಒತ್ತಿ ನೋಡಿ, ಮಾತ್ರೆ ಬರೆದು, ನೀಕ್ಯಾಪ್ ಹಾಕಿಕೊಂಡು ಹೋಗಿ ಬನ್ನಿ ಅಂದರು.

ಇನ್ನೊಂದು ಚಿಂತೆ ಬರ್ತ್‌ದು. ಮಾಮೂಲಿ ಬುಕಿಂಗ್‌ನಲ್ಲಿ 45 ದಾಟಿದ ಹೆಂಗಸರಿಗೆ, ಖಾಲಿ ಇದ್ದರೆ, ಲೋವರ್ ಬರ್ತ್ ತಾನಾಗೇ ಸಿಗುತ್ತೆ ಅಲ್ವಾ. ಇಲ್ಲಿ ಬರ್ತ್ ಹಂಚೋದು ಪ್ಯಾಕೇಜಿನವರು. ದೊಡ್ಡಮ್ಮನಿಗೆ ಬಂದಿದ್ದು ಮಿಡಲ್. ಆದರೆ ಪ್ಯಾಕೇಜ್ ರೈಲಿನ ಒಂದು ಅನುಕೂಲ ಏನಂದ್ರೆ, ಬೋಗಿ ಪೂರ್ತಿ ಅದೇ ಯಾತ್ರೆಯ ಜನ. ದಾರೀಲಿ ಹತ್ತೋರು ಇಳಿಯೋರು ಅಂತ ಬದಲಾಗ್ತಾ ಇರಲ್ಲ. ರೈಲು ಹಾವೇರಿ ಬಿಡೋ ಹೊತ್ತಿಗೆ ಬೋಗಿ ನೋಡಿಕೊಳ್ಳುವ ಹುಡುಗ ಯಾರನ್ನೋ ಮೇಲೆ ಕಳಿಸಿ ದೊಡ್ಡಮ್ಮನಿಗೆ ಕೆಳಗಿನದು ಕೊಡಿಸಿದ್ದ, ಆಮೇಲೆ ವಾಪಸ್ ಬರೋವರೆಗೂ ಅದೇ ಜಾಗ.

ಖರ್ಚಿಗೆ ಅಂತ ಕೊಟ್ಟ ದುಡ್ಡಲ್ಲಿ ಜಾಸ್ತಿ ಹೋಗಿದ್ದು ಕಾಶಿಯ ದೋಣಿಗಂತೆ. ದೋಣಿ, ಪ್ರವೇಶ ಶುಲ್ಕ, ಬಟ್ಟೆ ಒಗೆಸೋದು ಇವೆಲ್ಲ ಪ್ಯಾಕೇಜ್‌ನಲ್ಲಿ ಸೇರಲ್ಲ ಅಂತ ಷರತ್ತಿನ ಕೊನೇಲಿ ಬರೆದಿತ್ತು, ಅದನ್ನ ಓದಿಯೇ ಅವರ ಸೊಂಟದ ಚೀಲಕ್ಕೆ ಬಿಡಿ ನೋಟು ಹಾಕಿ ಕಳಿಸಿದ್ದೆ. ಅಪ್ಪ ಈಗಲೂ ಕೇಳ್ತಾರೆ, "ಅಷ್ಟು ದುಡ್ಡು ಕೊಟ್ಟ ಮೇಲೆ ದೋಣಿಗೆ ಬೇರೆ ಯಾಕೆ?"