ಲೈಕ್ ಬರುವ ಹೊತ್ತು ಬೇರೆ, ಆರ್ಡರ್ ಬರುವ ಹೊತ್ತು ಬೇರೆ

ಸಣ್ಣ ಅಂಗಡಿಗಳ ಪೇಜು, ವಾಟ್ಸಾಪ್ ನೋಡಿಕೊಳ್ಳುವ ಕೆಲಸದಲ್ಲಿ ಎಲ್ಲರೂ ಮೊದಲು ಕೇಳುವುದು ಒಂದೇ: "ಸರ್, ಎಷ್ಟು ಗಂಟೆಗೆ ಹಾಕೋಣ್ರಿ?" ಇನ್‌ಸ್ಟಾಗ್ರಾಂ ಇನ್‌ಸೈಟ್ಸ್ ತೆರೆದರೆ ನಮ್ಮ ಫಾಲೋವರ್‌ಗಳು ಆನ್‌ಲೈನ್ ಇರುವ ಹೊತ್ತು ಕಾಣುತ್ತದೆ. ಇಲ್ಲಿನ ಪೇಜುಗಳಲ್ಲಿ ಸಾಮಾನ್ಯವಾಗಿ ಅದು ರಾತ್ರಿ ಊಟದ ನಂತರದ ಹೊತ್ತು. ಆದರೆ ಆಗ ಜನ ನೋಡುತ್ತಾರೆ, ಕೊಳ್ಳುವುದಿಲ್ಲ.

ಧಾರವಾಡದ ಜುಬಿಲಿ ಸರ್ಕಲ್ ಹತ್ತಿರ ರೊಟ್ಟಿ, ಎಣ್ಣೆಗಾಯಿ, ಝುಣಕ ಪಾರ್ಸೆಲ್ ಕೊಡುವ ಒಂದು ಖಾನಾವಳಿ ಇದೆ ಎಂದುಕೊಳ್ಳಿ. ಗಿರಾಕಿಗಳಲ್ಲಿ ಬಹಳಷ್ಟು ಮಂದಿ ಹುಬ್ಬಳ್ಳಿಯಲ್ಲಿ ಕೆಲಸ ಮುಗಿಸಿ ಚಿಗರಿ ಬಸ್ಸಿನಲ್ಲಿ ಬರುವವರು. ಬೆಳಿಗ್ಗೆ 11ಕ್ಕೆ ವಾಟ್ಸಾಪಿನಲ್ಲಿ ಮೆನು ಕಳಿಸಿದರೆ ಸಂಜೆಯೊಳಗೆ ಅದು ಹತ್ತಾರು ಮೆಸೇಜುಗಳ ಕೆಳಗೆ ಹೋಗಿರುತ್ತದೆ. ಫೋನ್ ಲಾಕರಿನಲ್ಲಿ ಇಡಬೇಕಾದ ಕಾರ್ಖಾನೆಯವರಂತೂ ನೋಡುವುದೇ ಇಲ್ಲ. 7:30ಕ್ಕೆ ಕಳಿಸಿದರೆ ಮನೆಯಲ್ಲಿ ಅನ್ನಕ್ಕೆ ಕುಕ್ಕರ್ ಇಟ್ಟಾಗಿರುತ್ತದೆ. ರಾತ್ರಿಗೆ ಏನು ಎಂಬುದು ತೀರ್ಮಾನವಾಗುವುದು ಬಸ್ಸಿನಲ್ಲಿ. ಹಾಗಾಗಿ 5:45ರ ಆಸುಪಾಸು ಕಳಿಸಬೇಕು: ಒಂದು ಫೋಟೊ, ಅದರ ಮೇಲೇ ದರ, "6:30ರೊಳಗೆ ಹೇಳಿ, ಇಳಿದ ಕೂಡಲೇ ತಯಾರಿರುತ್ತದೆ" ಎಂಬ ಸಾಲು. ವಿಡಿಯೊ ಬೇಡ. ಗದ್ದಲದ ಬಸ್ಸಿನಲ್ಲಿ ನಿಂತವರು ಧ್ವನಿ ಹಾಕಿ ಕೇಳುವುದಿಲ್ಲ.

ಎಷ್ಟು ಸಲ ಎಂಬುದರಲ್ಲಿ ಅಂಗಡಿಯವರಿಗೆ ಆಸೆ ಜಾಸ್ತಿ. ಬ್ರಾಡ್‌ಕಾಸ್ಟ್ ಲಿಸ್ಟಿಗೆ 256 ಜನರ ಮಿತಿ ಇದೆ. ನಿಮ್ಮ ನಂಬರ್ ಸೇವ್ ಮಾಡಿಕೊಂಡವರಿಗೆ ಮಾತ್ರ ಮೆಸೇಜ್ ತಲುಪುತ್ತದೆ. ದಿನಾ ಕಳಿಸಿ ಬೇಸರ ತರಿಸಿದರೆ ಅವರು ಜಗಳಕ್ಕೆ ಬರುವುದಿಲ್ಲ, ಸುಮ್ಮನೆ ನಂಬರ್ ಅಳಿಸುತ್ತಾರೆ, ನಿಮಗೆ ಗೊತ್ತೂ ಆಗುವುದಿಲ್ಲ. ವಾರಕ್ಕೆ ಮೂರು ಬ್ರಾಡ್‌ಕಾಸ್ಟ್ ಸಾಕು, ಅದೂ ಮೆನು ಬದಲಾದ ದಿನ. ಉಳಿದ ದಿನ ಸ್ಟೇಟಸ್ ಹಾಕಿ. ಅದು 24 ತಾಸು ಇರುತ್ತದೆ, ಬೇಕಾದವರು ತಾವೇ ನೋಡುತ್ತಾರೆ. ಭಾನುವಾರದ ಲೆಕ್ಕ ಬೇರೆ: ಅಂದು ತೀರ್ಮಾನ ಮಧ್ಯಾಹ್ನದ ಊಟದ್ದು, ಹತ್ತು ಗಂಟೆಯೊಳಗೆ ಕಳಿಸಬೇಕು.

ಹೊತ್ತು ಸರಿಯೋ ತಪ್ಪೋ ನೋಡಲು ಕಳಿಸಿದ ಅರ್ಧ ತಾಸಿಗೆ ಆ ಮೆಸೇಜ್ ಒತ್ತಿಹಿಡಿದು ಇನ್ಫೊ ತೆರೆಯಿರಿ. ಎಷ್ಟು ಜನರಿಗೆ ತಲುಪಿದೆ, ಎಷ್ಟು ಜನ ಓದಿದ್ದಾರೆ ಕಾಣುತ್ತದೆ. ನೀಲಿ ಟಿಕ್ ಆಫ್ ಮಾಡಿದವರು ಓದಿದ ಲೆಕ್ಕಕ್ಕೆ ಸಿಗುವುದಿಲ್ಲ, ಅದಕ್ಕೇ ಆರ್ಡರ್ ಸಂಖ್ಯೆಯನ್ನೂ ಪಕ್ಕದಲ್ಲಿ ಬರೆದಿಡಿ. ತಲುಪಿದವರ ಸಂಖ್ಯೆ ವಾರದಿಂದ ವಾರಕ್ಕೆ ಇಳಿಯುತ್ತಿದ್ದರೆ ಮೊದಲು ಅತಿಯಾಗಿ ಕಳಿಸುತ್ತಿದ್ದೇವೆಯೇ ಎಂದು ನೋಡಿ. ತಲುಪಿದ್ದು ಅಷ್ಟೇ ಇದ್ದು ಓದಿದವರು ಕಡಿಮೆಯಾದರೆ ಹೊತ್ತು ತಪ್ಪಿದೆ. ಓದಿಯೂ ಆರ್ಡರ್ ಇಲ್ಲದಿದ್ದರೆ ದರ ಅಥವಾ ಮೆನು ನೋಡಿಕೊಳ್ಳಬೇಕು, ಗಡಿಯಾರವನ್ನಲ್ಲ.

ಹೋಲಿಸುವಾಗ ಮಂಗಳವಾರವನ್ನು ಮಂಗಳವಾರದ ಜೊತೆಗೇ ಹೋಲಿಸಿ. ಸೋಮವಾರ, ಶನಿವಾರ ಒಪ್ಪತ್ತು ಮಾಡುವವರು ಬಹಳ. ಸಂಬಳದ ವಾರಕ್ಕೂ ತಿಂಗಳ ಕೊನೆಗೂ ಅಜಗಜಾಂತರ. ಶ್ರಾವಣದಲ್ಲಿ, ಗಣೇಶನ ಹಬ್ಬದಲ್ಲಿ ಹೊಸ ಹೊತ್ತು ಪರೀಕ್ಷಿಸಲು ಹೋಗಲೇಬೇಡಿ.